ಪಹಣಿ ಇನ್ನೂ ತಾತನ ಹೆಸರಿನಲ್ಲಿದೆ, ವಂಶವೃಕ್ಷದಲ್ಲಿ ಯಾರ್ಯಾರು ಇರಬೇಕು?

ಪ್ರಶ್ನೆ: ಆನೇಕಲ್ ತಾಲ್ಲೂಕಿನಲ್ಲಿ ನಮ್ಮ ತಾತನ ಹೆಸರಿನಲ್ಲಿ 2 ಎಕರೆ 10 ಗುಂಟೆ ಜಮೀನಿದೆ. 1971ರಲ್ಲಿ ತಾತನೇ ಕ್ರಯಕ್ಕೆ ತಗೊಂಡಿದ್ದು. ತಾತ 1996ರಲ್ಲಿ, ಅಜ್ಜಿ 2009ರಲ್ಲಿ ತೀರಿಕೊಂಡರು. ಅವರಿಗೆ ನಾಲ್ಕು ಮಕ್ಕಳು: ನಮ್ಮ ತಂದೆ, ಚಿಕ್ಕಪ್ಪ, ಇಬ್ಬರು ಅತ್ತೆಯರು. ದೊಡ್ಡತ್ತೆ 2015ರಲ್ಲಿ ಹೋದರು, ಅವರ ಯಜಮಾನರು ಮತ್ತು ಇಬ್ಬರು ಮಕ್ಕಳು ಇದ್ದಾರೆ. ನಮ್ಮ ತಂದೆ 2022ರಲ್ಲಿ ತೀರಿಕೊಂಡರು. ಮನೆಯಲ್ಲಿ ಅಮ್ಮ, ನಾನು, ತಂಗಿ. ಯಾರೂ ವಿಲ್ ಬರೆದಿಲ್ಲ. ಖಾತೆ ಬದಲಾಯಿಸೋಣ ಅಂತ ಹೋದರೆ ವಂಶವೃಕ್ಷ ತನ್ನಿ ಅಂತಾರೆ. ಅರ್ಜಿ ಬರೆದುಕೊಡುವವರು, "ಅತ್ತೆಯರಿಗೆ ಮದುವೆ ಆಗಿ ಎಷ್ಟೋ ವರ್ಷ ಆಯ್ತಲ್ವಾ, ಅವರ ಹೆಸರು ಬಿಟ್ಟುಬಿಡಿ, ಬೇಗ ಆಗುತ್ತೆ" ಅಂತಾರೆ. ಇನ್ನೊಬ್ಬರು ಕೋರ್ಟಿನಿಂದ ಸಕ್ಸೆಷನ್ ಸರ್ಟಿಫಿಕೇಟ್ ತರಬೇಕು ಅಂತಾರೆ. ಏನು ಮಾಡಲಿ?

ಉತ್ತರ: ಅತ್ತೆಯರ ಹೆಸರು ಬಿಡಬೇಡಿ. ಸಕ್ಸೆಷನ್ ಸರ್ಟಿಫಿಕೇಟ್ ಬೇಡ. ನಿಮಗೆ ಬೇಕಾಗಿರುವುದು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. ಅದಕ್ಕೆ ಮುಖ್ಯವಾಗಿ ಎರಡು ಬಗೆಯ ಕಾಗದ ಬೇಕು: ತೀರಿಕೊಂಡ ನಾಲ್ಕೂ ಜನರ ಮರಣ ಪ್ರಮಾಣ ಪತ್ರ, ಮತ್ತು ತಾತನಿಂದ ಶುರುವಾಗಿ ಈಗ ಬದುಕಿರುವವರೆಲ್ಲರನ್ನೂ ತೋರಿಸುವ ವಂಶವೃಕ್ಷ. ಉಳಿದದ್ದೆಲ್ಲ ಇವೆರಡರ ಹಿಂದೆ ಬರುತ್ತದೆ. ಇವೆರಡು ಸರಿಯಾಗಿದ್ದರೆ ಕೆಲಸ ನಿಧಾನವಾದರೂ ನಿಲ್ಲುವುದಿಲ್ಲ, ಸರಿಯಿಲ್ಲದಿದ್ದರೆ ಬೇಗ ಆದ ಖಾತೆಯೇ ಮುಂದೆ ನಿಮ್ಮನ್ನು ಉಪವಿಭಾಗಾಧಿಕಾರಿಗಳ ಕಚೇರಿಗೂ ಸಿವಿಲ್ ಕೋರ್ಟಿಗೂ ಎಳೆಯುತ್ತದೆ.

ಮೊದಲು ಹೆಸರುಗಳ ವಿಷಯ ನೋಡೋಣ. ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಹೆಣ್ಣುಮಕ್ಕಳಿಗೆ ಹಕ್ಕು ಬಂದಿದ್ದು 2005ರಲ್ಲಿ, ಅದಕ್ಕಿಂತ ಮುಂಚೆ ಮದುವೆಯಾದವರಿಗೆ, ಮುಂಚೆಯೇ ತಂದೆ ತೀರಿಕೊಂಡವರಿಗೆ ಏನೂ ಇಲ್ಲ ಅಂತ ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ನಿಮ್ಮ ತಾತನ ಜಮೀನಿಗೆ ಈ ಮಾತು ಹೊಂದುವುದೇ ಇಲ್ಲ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ನಿಮ್ಮ ತಾತ ದುಡ್ಡು ಕೊಟ್ಟು ಕ್ರಯಕ್ಕೆ ತಗೊಂಡಿದ್ದು ಅಂದರೆ ಅದು ಸ್ವಯಾರ್ಜಿತ. ಹಿಂದೂ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಯಾರ್ಜಿತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಹೀಗೆ ಮೊದಲ ವರ್ಗದ ವಾರಸುದಾರರಿಗೆ ಸಮವಾಗಿ ಹೋಗುತ್ತದೆ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಂ. ಆ ಕಾಯ್ದೆ ಬಂದ ದಿನದಿಂದಲೂ ಹೀಗೇ ಇದೆ. ಮಗಳಿಗೆ ಮದುವೆ ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ.

ಈಗ ನಿಮ್ಮ ಮನೆಯ ಲೆಕ್ಕ ಹಾಕೋಣ. 2 ಎಕರೆ 10 ಗುಂಟೆ ಅಂದರೆ ಒಟ್ಟು 90 ಗುಂಟೆ. 1996ರಲ್ಲಿ ತಾತ ತೀರಿಕೊಂಡಾಗ ಅಜ್ಜಿ ಮತ್ತು ನಾಲ್ಕು ಮಕ್ಕಳು, ಐದು ಜನ, ತಲಾ ಐದನೇ ಒಂದು ಭಾಗ. ತಾತನ ತಾಯಿ ಆಗ ಬದುಕಿರಲಿಲ್ಲ ಅಂತ ಇಟ್ಟುಕೊಂಡಿದ್ದೇನೆ, ಇದ್ದಿದ್ದರೆ ಅವರೂ ಒಬ್ಬ ವಾರಸುದಾರರು, ಇದನ್ನು ಮನೆಯ ಹಿರಿಯರ ಹತ್ತಿರ ಒಮ್ಮೆ ಕೇಳಿ. 2009ರಲ್ಲಿ ಅಜ್ಜಿ ತೀರಿಕೊಂಡಾಗ ಅವರ ಐದನೇ ಒಂದು ಭಾಗ ಅದೇ ನಾಲ್ಕು ಮಕ್ಕಳಿಗೆ ಸಮವಾಗಿ ಹೋಯಿತು. ಅಲ್ಲಿಗೆ ನಾಲ್ಕು ಮಕ್ಕಳಿಗೂ ತಲಾ ಕಾಲು ಭಾಗ, ಅಂದರೆ 22 ಗುಂಟೆ 8 ಆಣೆ. (ಪಹಣಿಯಲ್ಲಿ ಒಂದು ಗುಂಟೆಗೆ 16 ಆಣೆ ಲೆಕ್ಕ.)

2015ರಲ್ಲಿ ದೊಡ್ಡತ್ತೆ ತೀರಿಕೊಂಡರು. ಅವರ ಕಾಲು ಭಾಗ ಅವರ ಯಜಮಾನರಿಗೂ ಇಬ್ಬರು ಮಕ್ಕಳಿಗೂ ಸಮವಾಗಿ ಹೋಗುತ್ತದೆ, ತಲಾ 7 ಗುಂಟೆ 8 ಆಣೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ತವರಿನಿಂದ ಬಂದ ಆಸ್ತಿ ಅಳಿಯನಿಗೆ ಬರುವುದಿಲ್ಲ ಅಂತ ಹೇಳಿ ಗಂಡನ ಹೆಸರು ಬಿಡುತ್ತಾರೆ. ಹೆಣ್ಣುಮಗಳಿಗೆ ತಂದೆ ತಾಯಿಯಿಂದ ಬಂದ ಆಸ್ತಿ ಗಂಡನಿಗೆ ಹೋಗದೆ ತಂದೆಯ ಕಡೆಯ ವಾರಸುದಾರರಿಗೆ ವಾಪಸ್ ಹೋಗುವುದು ಅವಳಿಗೆ ಮಕ್ಕಳಾಗಲಿ, ತೀರಿಕೊಂಡ ಮಕ್ಕಳ ಮಕ್ಕಳಾಗಲಿ ಇಲ್ಲದಿದ್ದಾಗ ಮಾತ್ರ. ದೊಡ್ಡತ್ತೆಗೆ ಮಕ್ಕಳಿದ್ದಾರೆ, ಹಾಗಾಗಿ ಗಂಡನೂ ಮಕ್ಕಳ ಜೊತೆಗೆ ವಾರಸುದಾರರೇ.

2022ರಲ್ಲಿ ನಿಮ್ಮ ತಂದೆ. ಅವರ ಕಾಲು ಭಾಗ ನಿಮ್ಮ ಅಮ್ಮ, ನೀವು, ನಿಮ್ಮ ತಂಗಿ, ಮೂವರಿಗೆ ತಲಾ 7 ಗುಂಟೆ 8 ಆಣೆ. ಅಜ್ಜಿ 2009ರಲ್ಲೇ ಹೋಗಿದ್ದರಿಂದ ಇಲ್ಲಿ ಅವರ ಪಾಲು ಬರುವುದಿಲ್ಲ. ಬೇರೆ ಓದುಗರು ಇದನ್ನು ಗಮನಿಸಿ: ಮಗ ತೀರಿಕೊಂಡಾಗ ಅವನ ತಾಯಿ ಬದುಕಿದ್ದರೆ ಸೊಸೆ, ಮೊಮ್ಮಕ್ಕಳ ಜೊತೆ ಆ ತಾಯಿಗೂ ಒಂದು ಪಾಲಿದೆ. ವಂಶವೃಕ್ಷ ಬರೆಸುವಾಗ ಮರೆತುಹೋಗುವ ಹೆಸರುಗಳಲ್ಲಿ ಇದು ಮೊದಲನೆಯದು.

ಅಲ್ಲಿಗೆ ನಿಮ್ಮ ಪಹಣಿಗೆ ಬರಬೇಕಾದ ಹೆಸರು ಎಂಟು. ಚಿಕ್ಕಪ್ಪ, ಚಿಕ್ಕತ್ತೆ, ದೊಡ್ಡತ್ತೆಯ ಯಜಮಾನರು, ಅವರ ಇಬ್ಬರು ಮಕ್ಕಳು, ನಿಮ್ಮ ಅಮ್ಮ, ನೀವು, ನಿಮ್ಮ ತಂಗಿ. ಈ ಎಂಟು ಜನರಲ್ಲಿ ಒಬ್ಬರು ಬಿಟ್ಟುಹೋದರೂ ವಂಶವೃಕ್ಷ ತಪ್ಪು.

ಅಕಸ್ಮಾತ್ ಜಮೀನು ತಾತನಿಗೂ ಅವರ ತಂದೆಯಿಂದ ಬಂದಿದ್ದು, ಪಿತ್ರಾರ್ಜಿತ ಅಂತ ಆಮೇಲೆ ಗೊತ್ತಾದರೆ ಪಾಲಿನ ಲೆಕ್ಕ ಬದಲಾಗುತ್ತದೆ. ಅದನ್ನು ವಕೀಲರ ಹತ್ತಿರ ಕೂತು ಹಾಕಿಸಿಕೊಳ್ಳಿ. ಆದರೆ ಆಗಲೂ ಅತ್ತೆಯರನ್ನು ಬಿಡುವ ದಾರಿ ತೆರೆಯುವುದಿಲ್ಲ. 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲೇಬೇಕು ಅಂತೇನಿಲ್ಲ, ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಅಂತ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. 2005ರ ಆ ದಿನಾಂಕಕ್ಕೆ ನಿಮ್ಮ ಇಬ್ಬರೂ ಅತ್ತೆಯರು ಇದ್ದರು. ಅಂದರೆ ಯಾವ ಕಡೆಯಿಂದ ನೋಡಿದರೂ ಅವರ ಹೆಸರು ಇರಲೇಬೇಕು. ಇವೆಲ್ಲ ಹಿಂದೂ ಕುಟುಂಬಕ್ಕೆ ಹೇಳಿದ್ದು, ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿ ವಾರಸುದಾರರ ಪಟ್ಟಿಯೂ ಪಾಲೂ ಬೇರೆ.

ಸಕ್ಸೆಷನ್ ಸರ್ಟಿಫಿಕೇಟ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ಅದನ್ನು ಕೋರ್ಟು ಕೊಡುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಕೆಳಗೆ, ತೀರಿಕೊಂಡವರಿಗೆ ಬರಬೇಕಾದ ಸಾಲ ಮತ್ತು ಷೇರು, ಬಾಂಡ್‌ಗಳಂಥ ಭದ್ರತೆಗಳಿಗೆ. ಬ್ಯಾಂಕಿನಲ್ಲಿರುವ ಠೇವಣಿಗೆ ನಾಮಿನಿ ಇಲ್ಲದಿದ್ದಾಗ ಕೆಲವೊಮ್ಮೆ ಕೇಳುವುದು ಇದನ್ನೇ. ಜಮೀನಿಗೂ ಮನೆಗೂ ಅದು ಅನ್ವಯ ಆಗುವುದಿಲ್ಲ. ಸುಮ್ನೆ ಕೋರ್ಟ್ ಶುಲ್ಕ ಕಟ್ಟಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ತಿಂಗಳುಗಟ್ಟಲೆ ಓಡಾಡಿ ಆ ಕಾಗದ ತಂದರೂ ನಿಮ್ಮ ಪಹಣಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಕೌಂಟರಿನಲ್ಲಿ ಯಾರಾದರೂ ಅದೇ ಬೇಕು ಅಂತ ಪಟ್ಟು ಹಿಡಿದರೆ ವಾದ ಮಾಡಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ, ಯಾವ ಕಾರಣಕ್ಕೆ ಅರ್ಜಿ ನಿಲ್ಲಿಸಿದ್ದೀರಿ ಅಂತ ಹಿಂಬರಹ ಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ್ದನ್ನು ಬರೆದು ಸಹಿ ಹಾಕಿ ಕೊಡಬೇಕಾದಾಗ ಇಂಥ ಬೇಡಿಕೆಗಳು ಸಾಮಾನ್ಯವಾಗಿ ಉಳಿಯುವುದಿಲ್ಲ.

ಇನ್ನೊಂದು ಕಾಗದದ ಜೊತೆಗೂ ಗೊಂದಲ ಆಗುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷ ಬೇರೆ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ಬೇರೆ. ಎರಡನೆಯದು ಪಿಂಚಣಿ, ಅನುಕಂಪದ ನೌಕರಿ, ಪಿಎಫ್ ಇಂಥದ್ದಕ್ಕೆ ಓಡಾಡುವವರು ತರುವುದು. ಅದರಲ್ಲಿ ತೀರಿಕೊಂಡ ಒಬ್ಬರ ಹತ್ತಿರದ ಸಂಸಾರ ಮಾತ್ರ ಕಾಣುತ್ತದೆ. ನಿಮ್ಮ ಅಮ್ಮನ ಹತ್ತಿರ ತಂದೆಯ ಪಿಂಚಣಿಗೆ ಮಾಡಿಸಿದ ಅಂಥ ಪತ್ರ ಇರಬಹುದು. ಅದರಲ್ಲಿ ಅಮ್ಮ, ನೀವು, ತಂಗಿ ಮೂವರೇ ಇರುತ್ತೀರಿ. ಪಹಣಿಯಲ್ಲಿರುವ ಹೆಸರು ತಾತನದ್ದು, ಹಾಗಾಗಿ ವಂಶವೃಕ್ಷ ತಾತನಿಂದಲೇ ಶುರುವಾಗಬೇಕು. ತಂದೆಯಿಂದ ಶುರುವಾದ ವಂಶವೃಕ್ಷ ಹಿಡಿದು ತಾತನ ಖಾತೆ ಬದಲಾಯಿಸಲು ಹೋಗಿ ವಾಪಸ್ ಬಂದವರು ಎಷ್ಟೋ ಜನ ಇದ್ದಾರೆ.

ಈಗ ಮರಣ ಪ್ರಮಾಣ ಪತ್ರ. ನಿಮಗೆ ನಾಲ್ಕು ಬೇಕು. ತಂದೆಯದು ಮತ್ತು ದೊಡ್ಡತ್ತೆಯದು ಸಿಗುತ್ತದೆ, ಅಜ್ಜಿಯದೂ ಬಹುಶಃ ಇರುತ್ತದೆ. ಕಷ್ಟ ಬರುವುದು 1996ರ ತಾತನದ್ದಕ್ಕೆ. ಆ ಕಾಲಕ್ಕೆ ಹಳ್ಳಿಯಲ್ಲಿ ಮನೆಯಲ್ಲೇ ತೀರಿಕೊಂಡು, ಊರಿನ ಹೊರಗೆ ಮಣ್ಣು ಮಾಡಿದವರ ಸಾವನ್ನು ನೋಂದಾಯಿಸಿಯೇ ಇಲ್ಲದ ಮನೆಗಳು ಜಾಸ್ತಿ. ಇಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಮೊದಲು ಹಳೆಯ ಜನನ ಮರಣ ರಿಜಿಸ್ಟರ್ ಹುಡುಕಿಸಿ. ಗ್ರಾಮದಲ್ಲಿ ಬರೆದ ಹಳೆಯ ಪುಸ್ತಕಗಳು ತಾಲ್ಲೂಕು ಕಚೇರಿಯ ದಾಖಲೆ ಕೋಣೆ ಸೇರಿರುತ್ತವೆ. ಹುಡುಕುವಾಗ ಪಹಣಿಯ ಹೆಸರೊಂದನ್ನೇ ಹಿಡಿದು ಕೂರಬೇಡಿ. ಊರಲ್ಲಿ ಕರೆಯುತ್ತಿದ್ದ ಹೆಸರು, ಅಡ್ಡಹೆಸರು, ಹಿಂದಿನ ಮುಂದಿನ ವರ್ಷ, ಎಲ್ಲವನ್ನೂ ನೋಡಿಸಿ.

ನಿಜಕ್ಕೂ ಇಲ್ಲದಿದ್ದರೆ, ಹುಡುಕಿದರೂ ನಮೂದು ಸಿಗಲಿಲ್ಲ ಅನ್ನುವ ಪ್ರಮಾಣ ಪತ್ರವನ್ನು ನೋಂದಣಾಧಿಕಾರಿಯಿಂದ ತಗೊಳ್ಳಿ. ಒಂದು ವರ್ಷಕ್ಕಿಂತ ತಡವಾದ ಸಾವಿನ ನೋಂದಣಿಗೆ ಮುಂಚೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕಿತ್ತು. ಕೇಂದ್ರದ ಜನನ ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಆ ಆದೇಶ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ಅಲ್ಲಿ ಅರ್ಜಿ ಹಾಕುವಾಗ ತಾತ ಯಾವಾಗ ತೀರಿಕೊಂಡರು ಅಂತ ತೋರಿಸುವ ಏನಾದರೂ ಬೇಕು. ಆಸ್ಪತ್ರೆ ಚೀಟಿ, ತಿಥಿ ಕಾರ್ಯದ ಕಾಗದ, ಸಮಾಧಿಯ ಕಲ್ಲಿನ ಮೇಲೆ ತಾರೀಖು ಕೆತ್ತಿಸಿದ್ದರೆ ಅದರ ಫೋಟೊ, ಅಜ್ಜಿಗೆ ವಿಧವಾ ವೇತನ ಬರುತ್ತಿದ್ದರೆ ಅದರ ಆದೇಶ, ಊರಿನ ಇಬ್ಬರು ಹಿರಿಯರ ಹೇಳಿಕೆ. ವಿಧವಾ ವೇತನದ ಆದೇಶ ಪ್ರತಿ ತುಂಬಾ ಒಳ್ಳೆಯ ಪುರಾವೆ, ಯಾಕೆಂದರೆ ಅದು ಸರ್ಕಾರದ್ದೇ ಹಳೆಯ ಕಾಗದ. ಇದೊಂದು ಕೆಲಸಕ್ಕೇ ಬೇರೆಲ್ಲಕ್ಕಿಂತ ಜಾಸ್ತಿ ಸಮಯ ಹಿಡಿಯುತ್ತದೆ, ಆದ್ದರಿಂದ ಇದನ್ನೇ ಮೊದಲು ಶುರು ಮಾಡಿ.

ಆಮೇಲೆ ವಂಶವೃಕ್ಷದ ಅರ್ಜಿ. ನಾಡಕಚೇರಿಯಲ್ಲಿ ಕೊಡಬಹುದು, nadakacheri.karnataka.gov.in ಮೂಲಕವೂ ಹಾಕಬಹುದು. ಬೆಂಗಳೂರಿನವರಿಗೆ ಇಲ್ಲಿ ಒಂದು ತೊಡಕು ಇದೆ. ತಾತ ಹಳ್ಳಿಯಲ್ಲಿದ್ದವರು, ನಿಮ್ಮ ಆಧಾರ್ ನಗರದ ವಿಳಾಸದ್ದು, ಅತ್ತೆಯ ಮಕ್ಕಳು ಇನ್ನೆಲ್ಲೋ. ಅರ್ಜಿಯನ್ನು ನಿಮ್ಮ ಈಗಿನ ವಿಳಾಸದ ವ್ಯಾಪ್ತಿಯಲ್ಲಿ ಹಾಕಿದರೆ ಅಲ್ಲಿನ ಗ್ರಾಮ ಆಡಳಿತ ಅಧಿಕಾರಿಗೆ (ಮೊದಲು ಗ್ರಾಮ ಲೆಕ್ಕಿಗ ಅಂತಿದ್ದೆವಲ್ಲ, ಅವರೇ) ನಿಮ್ಮ ತಾತನ ಮನೆತನ ಗೊತ್ತಿರುವುದಿಲ್ಲ, ವಿಚಾರಿಸಲು ಅಕ್ಕಪಕ್ಕದವರೂ ಇರುವುದಿಲ್ಲ. ಅರ್ಜಿ ಅಲ್ಲೇ ಕೂತುಬಿಡುತ್ತದೆ. ತಾತ ವಾಸವಿದ್ದ ಗ್ರಾಮ ಯಾವ ನಾಡಕಚೇರಿಗೆ ಸೇರುತ್ತದೋ ಅಲ್ಲಿ ಮೊದಲೇ ಹೋಗಿ, ಅರ್ಜಿ ಇಲ್ಲೇ ಹಾಕಬಹುದಾ ಅಂತ ಕೇಳಿಕೊಂಡು ಹಾಕಿ.

ಅರ್ಜಿಯ ಜೊತೆ ನೋಟರಿ ಮಾಡಿಸಿದ ಪ್ರಮಾಣ ಪತ್ರ ಕೇಳುತ್ತಾರೆ, ಅಫಿಡವಿಟ್. ಅದರಲ್ಲೇ ವಂಶವೃಕ್ಷ ಬರೆದಿರಬೇಕು. ಮೇಲೆ ತಾತ ಮತ್ತು ಅಜ್ಜಿ, ಅವರ ಕೆಳಗೆ ನಾಲ್ಕು ಮಕ್ಕಳು ವಯಸ್ಸಿನ ಪ್ರಕಾರ, ತೀರಿಕೊಂಡವರ ಹೆಸರಿನ ಪಕ್ಕ ಮರಣದ ತಾರೀಖು, ಅವರ ಕೆಳಗೆ ಅವರವರ ಸಂಸಾರ. ತೀರಿಕೊಂಡವರನ್ನೂ ತೋರಿಸಬೇಕು, ಅವರನ್ನು ಹಾರಿಸಿ ಮೊಮ್ಮಕ್ಕಳನ್ನು ಬರೆದರೆ ಕೊಂಡಿ ತಪ್ಪುತ್ತದೆ. ಜೊತೆಗೆ ಎಲ್ಲರ ಆಧಾರ್ ಪ್ರತಿ, ಪಡಿತರ ಚೀಟಿ, ಮರಣ ಪ್ರಮಾಣ ಪತ್ರಗಳು. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದವರ ಹೇಳಿಕೆ ತಗೊಂಡು ಮಹಜರು ಮಾಡುತ್ತಾರೆ, ವರದಿ ರಾಜಸ್ವ ನಿರೀಕ್ಷಕರ ಮೂಲಕ ಮೇಲೆ ಹೋಗುತ್ತದೆ. ಆ ದಿನ ಚಿಕ್ಕಪ್ಪ, ಚಿಕ್ಕತ್ತೆ, ದೊಡ್ಡತ್ತೆಯ ಮನೆಯಿಂದ ಒಬ್ಬರು, ಇಷ್ಟು ಜನ ಊರಲ್ಲಿದ್ದರೆ ವಿಚಾರಣೆ ಒಂದೇ ಸಲಕ್ಕೆ ಮುಗಿಯುತ್ತದೆ.

ಹೆಸರಿನ ಕಾಗುಣಿತದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ಎಲ್ಲ ಸರಿಯಿದ್ದ ಅರ್ಜಿಗಳೂ ಇದರಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಪಹಣಿಯಲ್ಲಿ ಹೆಸರು ಬರೆಯುವ ರೀತಿಯೇ ಬೇರೆ: ಇಂಥವರು ಬಿನ್ ಇಂಥವರು, ಹೆಂಗಸರಾದರೆ ಕೋಂ ಇಂಥವರು. ಉದಾಹರಣೆಗೆ ಪಹಣಿಯಲ್ಲಿ "ಮುನಿಸ್ವಾಮಪ್ಪ ಬಿನ್ ಚಿಕ್ಕಣ್ಣ" ಅಂತ ಇರುತ್ತದೆ, ಮರಣ ಪ್ರಮಾಣ ಪತ್ರದಲ್ಲಿ "ಮುನಿಸ್ವಾಮಿ ಸಿ." ಅಂತ, ಮಗನ ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಬರೀ "ಸ್ವಾಮಪ್ಪ". ಮೂವರೂ ಒಬ್ಬರೇ ಅಂತ ನಿಮಗೆ ಗೊತ್ತು, ಕಾಗದಕ್ಕೆ ಗೊತ್ತಿಲ್ಲ. ಅಫಿಡವಿಟ್‌ನಲ್ಲಿ ಈ ಮೂರೂ ಹೆಸರನ್ನು ಇದ್ದಂತೆಯೇ ಬರೆದು, ಇವೆಲ್ಲ ಒಬ್ಬರದ್ದೇ ಹೆಸರು ಅಂತ ಒಂದು ಪ್ಯಾರಾ ಸೇರಿಸಿ, ಮಹಜರಿನಲ್ಲೂ ಅದನ್ನೇ ಬರೆಸಿ. 1971ರ ಕ್ರಯಪತ್ರದ ಪ್ರತಿ ಕೈಯಲ್ಲಿದ್ದರೆ ಅದರಲ್ಲಿ ತಾತನ ತಂದೆಯ ಹೆಸರು, ಊರು, ಸರ್ವೆ ನಂಬರ್ ಎಲ್ಲ ಒಟ್ಟಿಗೆ ಸಿಗುತ್ತದೆ. ಕ್ರಯಪತ್ರ ಕಳೆದಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ತೆಗೆಸಿ. ಜಮೀನು ಸ್ವಯಾರ್ಜಿತ ಅನ್ನುವುದಕ್ಕೂ ಅದೇ ಆಧಾರ.

ವಂಶವೃಕ್ಷ ಕೈಗೆ ಬಂದ ಮೇಲೆ ಪೌತಿ ಖಾತೆಯ ಅರ್ಜಿ, ಜಮೀನು ಇರುವ ಹೋಬಳಿಯ ನಾಡಕಚೇರಿಯಲ್ಲಿ ಇಲ್ಲವೇ ತಾಲ್ಲೂಕಿನ ಭೂಮಿ ಕೇಂದ್ರದಲ್ಲಿ. ಈಚೆಗೆ ಕಂದಾಯ ಇಲಾಖೆ ಇ-ಪೌತಿ ಅಂತ ಆಂದೋಲನ ಮಾಡಿ, ತೀರಿಕೊಂಡವರ ಹೆಸರಿನಲ್ಲೇ ಉಳಿದ ಪಹಣಿಗಳನ್ನು ಗ್ರಾಮ ಆಡಳಿತ ಅಧಿಕಾರಿಗಳ ಮೂಲಕವೇ ಬದಲಾಯಿಸಲು ಹೊರಟಿದೆ. ನಿಮ್ಮ ಗ್ರಾಮದ ಅಧಿಕಾರಿಯನ್ನು ಆ ದಾರಿಯಲ್ಲೇ ಆಗುತ್ತದಾ ಅಂತ ಕೇಳಿ, ಓಡಾಟ ಕಡಿಮೆ ಆಗಬಹುದು. ದಾರಿ ಯಾವುದಾದರೂ ಬೇಕಾದ ಎಂಟು ಹೆಸರು ಅವೇ.

ತಡವಾಯಿತಲ್ಲ ಅಂತ ಹೆದರಬೇಡಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 128ನೇ ಕಲಂ ಪ್ರಕಾರ ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ತಿಳಿಸಬೇಕು. ಆದರೆ ಆ ಅವಧಿ ದಾಟಿತು ಅಂತ ಹಕ್ಕೇನೂ ಹೋಗುವುದಿಲ್ಲ, ಹಳೆಯ ಪೌತಿಗಳು ಈಗಲೂ ಆಗುತ್ತಿವೆ. ತಾತನಿಂದ ನೇರವಾಗಿ ಈಗ ಬದುಕಿರುವವರ ಹೆಸರಿಗೇ ಖಾತೆ ಬರುತ್ತದೆ, ನಡುವೆ ತೀರಿಕೊಂಡ ನಿಮ್ಮ ತಂದೆಯ ಹೆಸರಿಗೆ ಒಮ್ಮೆ ಮಾಡಿಸಿ ಆಮೇಲೆ ನಿಮ್ಮ ಹೆಸರಿಗೆ ಅಂತ ಎರಡು ಸಲ ಮಾಡುವ ಅಗತ್ಯ ಇಲ್ಲ. ಆ ಎರಡು ಮೆಟ್ಟಿಲನ್ನೂ ವಂಶವೃಕ್ಷ ತೋರಿಸಿದರೆ ಸಾಕು.

ಅರ್ಜಿ ಪಹಣಿಗಳನ್ನು ಇಟ್ಟಿರುವ "ಭೂಮಿ" ತಂತ್ರಾಂಶಕ್ಕೆ ಹತ್ತಿದ ಮೇಲೆ ನೋಟಿಸ್ ಹೊರಡುತ್ತದೆ. 129ನೇ ಕಲಂ ಪ್ರಕಾರ ಅದನ್ನು ಚಾವಡಿಯಲ್ಲಿ ಅಂಟಿಸಬೇಕು, ಆ ಜಮೀನಿನಲ್ಲಿ ಆಸಕ್ತಿ ಇರುವ ಎಲ್ಲರಿಗೂ ತಿಳಿಸಬೇಕು. ಅವಧಿಯೊಳಗೆ ಯಾರೂ ತಕರಾರು ಕೊಡದಿದ್ದರೆ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ, ಮಂಜೂರಾಗುತ್ತದೆ. ಯಾರಾದರೂ ಬರೆದು ತಕರಾರು ಕೊಟ್ಟರೆ ಅದು ತಕರಾರು ಪ್ರಕರಣಗಳ ರಿಜಿಸ್ಟರಿಗೆ ಹೋಗಿ ವಿಚಾರಣೆ ಶುರುವಾಗುತ್ತದೆ.

ಅತ್ತೆಯರನ್ನು ಬಿಟ್ಟು ಮಾಡಿಸಿದರೆ ಏನಾಗುತ್ತದೆ ಅನ್ನುವುದು ಇಲ್ಲಿ ಅರ್ಥ ಆಗುತ್ತದೆ. ಅವರ ಹೆಸರೇ ವಂಶವೃಕ್ಷದಲ್ಲಿ ಇಲ್ಲ, ಹಾಗಾಗಿ ಅವರಿಗೆ ನೋಟಿಸ್ ಹೋಗುವುದಿಲ್ಲ, ತಕರಾರೂ ಬರುವುದಿಲ್ಲ, ಖಾತೆ ಆಗಿಬಿಡುತ್ತದೆ. "ಬೇಗ ಆಗುತ್ತೆ" ಅಂದರೆ ಇಷ್ಟೇ. ನಾಲ್ಕೈದು ವರ್ಷ ಬಿಟ್ಟು ಚಿಕ್ಕತ್ತೆಗೋ ದೊಡ್ಡತ್ತೆಯ ಮಕ್ಕಳಿಗೋ ಗೊತ್ತಾಗುತ್ತದೆ. ಅವರು ಅದೇ ಭೂಕಂದಾಯ ಕಾಯ್ದೆಯ 136(2)ನೇ ಕಲಂ ಕೆಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುತ್ತಾರೆ. ಅವಧಿ 60 ದಿನ ಅಂತಿದ್ದರೂ ನೋಟಿಸ್ಸೇ ಬರದ ವಾರಸುದಾರರು, ನಮಗೆ ಈಗ ಗೊತ್ತಾಯಿತು, ವಿಳಂಬ ಮನ್ನಿಸಿ ಅಂತ ಕೇಳಿದರೆ ಅದಕ್ಕೆ ತೂಕ ಇರುತ್ತದೆ. ಮ್ಯುಟೇಷನ್ ರದ್ದಾಗಬಹುದು. ಅದರ ಜೊತೆಗೇ ಸಿವಿಲ್ ಕೋರ್ಟಿನಲ್ಲಿ ಭಾಗಕ್ಕೆ ದಾವೆ, ಮಾರಬಾರದು ಅಂತ ತಡೆಯಾಜ್ಞೆ. ಅಫಿಡವಿಟ್‌ನಲ್ಲಿ ಇಷ್ಟೇ ಜನ ವಾರಸುದಾರರು ಅಂತ ಪ್ರಮಾಣ ಮಾಡಿ ಸಹಿ ಹಾಕಿದ್ದು ನೀವು. ಬರೆದುಕೊಟ್ಟವರ ಹೆಸರು ಅದರಲ್ಲಿ ಎಲ್ಲೂ ಇರುವುದಿಲ್ಲ. ಸುಳ್ಳು ಪ್ರಮಾಣಕ್ಕೆ ಕ್ರಿಮಿನಲ್ ಕೇಸೂ ಆಗಬಹುದು.

ಅದೂ ಬೇಡ, ಯಾರೂ ಕೇಸು ಹಾಕಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆನೇಕಲ್ ಕಡೆ ಜಮೀನು ಕೊಳ್ಳುವವರ ವಕೀಲರು ಮೊದಲು ಕೇಳುವುದೇ ವಂಶವೃಕ್ಷ, ಎರಡನೆಯದಾಗಿ ಹೆಣ್ಣುಮಕ್ಕಳ ಸಹಿ. ಸಾಲ ಕೊಡುವ ಬ್ಯಾಂಕಿನವರೂ ಅಷ್ಟೇ. ಅತ್ತೆಯರಿಲ್ಲದ ಪಹಣಿ ನಿಮ್ಮ ಕೈಯಲ್ಲಿದ್ದರೂ ಅದನ್ನು ಹಿಡಿದು ಮುಂದಕ್ಕೆ ಹೋಗುವುದು ಕಷ್ಟ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು: ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ಕಂದಾಯ ದಾಖಲೆಯ ನಮೂದು ಕಂದಾಯದ ಉದ್ದೇಶಕ್ಕೆ ಮಾತ್ರ, ಹಕ್ಕಿನ ಜಗಳವನ್ನು ಸಿವಿಲ್ ಕೋರ್ಟೇ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ, 2021ರ ಜಿತೇಂದ್ರ ಸಿಂಗ್ ಪ್ರಕರಣದಲ್ಲೂ ಹೇಳಿದೆ. ಆದ್ದರಿಂದ ಅತ್ತೆಯ ಹೆಸರು ಪಹಣಿಯಿಂದ ತಪ್ಪಿದರೂ ಅವರ 22 ಗುಂಟೆ 8 ಆಣೆ ಅವರದ್ದೇ. ಅದೇ ಕಾರಣಕ್ಕೆ, ಮನೆಯಲ್ಲಿ ಯಾರಾದರೂ ಹಳೆಯ ವಿಲ್ ಹಿಡಿದು ಬಂದು ಜಗಳ ಎದ್ದರೆ ತಹಶೀಲ್ದಾರರು ಅದನ್ನು ಇತ್ಯರ್ಥ ಮಾಡಲಾಗುವುದಿಲ್ಲ.

ಅತ್ತೆಯರಿಗೆ ನಿಜವಾಗಿಯೂ ಪಾಲು ಬೇಡ, "ಅಣ್ಣನ ಮಕ್ಕಳು ಇಟ್ಟುಕೊಳ್ಳಲಿ" ಅಂತ ಮನಸಾರೆ ಹೇಳುತ್ತಿದ್ದರೆ ಅದಕ್ಕೂ ಸರಿಯಾದ ದಾರಿ ಇದೆ. ಛಾಪಾ ಕಾಗದದ ಮೇಲೆ "ನನ್ನ ಅಭ್ಯಂತರ ಇಲ್ಲ" ಅಂತ ಬರೆಸಿ ನೋಟರಿ ಮಾಡಿಸಿದರೆ ಸಾಲದು. ಜಮೀನಿನ ಹಕ್ಕು ಬಿಟ್ಟುಕೊಡುವ ಕಾಗದ ನೋಂದಣಿ ಆಗಲೇಬೇಕು, ಅದು ಹಕ್ಕು ಖುಲಾಸೆ ಪತ್ರ. ಇದರ ಕ್ರಮ ಹೀಗಿರಲಿ: ಮೊದಲು ಎಂಟೂ ಜನರ ಹೆಸರಿಗೆ ಜಂಟಿ ಪೌತಿ ಖಾತೆ, ಆಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಖುಲಾಸೆ ಪತ್ರ. ತಾತನ ಹೆಸರೇ ಪಹಣಿಯಲ್ಲಿರುವಾಗ ನೋಂದಣಿಗೆ ಹೋದರೆ ತೊಡಕಾಗುತ್ತದೆ, ಯಾಕೆಂದರೆ ಕೃಷಿ ಜಮೀನಿನ ನೋಂದಣಿ ಭೂಮಿ ದಾಖಲೆಯಲ್ಲಿರುವ ಮಾಲೀಕರ ಹೆಸರಿನ ಮೇಲೆ ನಡೆಯುತ್ತದೆ. ಖುಲಾಸೆ ನೋಂದಣಿ ಆದಮೇಲೆ ಅದರ ಮಾಹಿತಿ ಭೂಮಿಗೆ ಹೋಗಿ ಮತ್ತೊಂದು ಮ್ಯುಟೇಷನ್ ಆಗುತ್ತದೆ. ದೊಡ್ಡತ್ತೆಯ ಪಾಲಿಗೆ ಅವರ ಯಜಮಾನರು ಮತ್ತು ಇಬ್ಬರೂ ಮಕ್ಕಳು ಸಹಿ ಹಾಕಬೇಕು. ಮಕ್ಕಳಲ್ಲಿ ಯಾರಾದರೂ ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ತಂದೆ ತಾವಾಗಿಯೇ ಬಿಟ್ಟುಕೊಡಲು ಹೋಗಬಾರದು, ವಕೀಲರನ್ನು ಕೇಳದೆ ಅಲ್ಲಿ ಹೆಜ್ಜೆ ಇಡಬೇಡಿ.

ಖುಲಾಸೆ ಬೇಡ, ಎಲ್ಲರೂ ಅವರವರ ಪಾಲು ಬೇರೆ ಮಾಡಿಕೊಳ್ಳೋಣ ಅಂದರೆ ಜಂಟಿ ಖಾತೆ ಆದಮೇಲೆ ಸರ್ವೆ ಇಲಾಖೆಯಿಂದ ಪಾಲುಗಳನ್ನು ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ಆ ನಕ್ಷೆ ಇಟ್ಟು ವಿಭಾಗ ಪತ್ರ ನೋಂದಾಯಿಸಬೇಕು. ಜಂಟಿ ಪಹಣಿಯಲ್ಲಿ ಎಂಟು ಹೆಸರು ಇದೆ ಅಂದರೆ ಮೂಡಣ ಬದಿ ನಿಮ್ಮದು, ಪಡುವಣ ಬದಿ ಚಿಕ್ಕಪ್ಪನದು ಅಂತ ಅರ್ಥ ಅಲ್ಲ. ವಿಭಾಗ ಆಗುವವರೆಗೂ ಇಡೀ 90 ಗುಂಟೆಯಲ್ಲಿ ಎಲ್ಲರೂ ಪಾಲುದಾರರೇ.

ನಿಮ್ಮ ಜಮೀನು ಇನ್ನೂ ಕೃಷಿ ಜಮೀನಾಗಿ ಪಹಣಿಯಲ್ಲಿದೆ ಅಂದುಕೊಂಡು ಇಷ್ಟೆಲ್ಲ ಹೇಳಿದೆ. ಅದೇ ಸರ್ವೆ ನಂಬರಿನಲ್ಲಿ ಸೈಟು ಮಾಡಿ ಪಂಚಾಯ್ತಿ ಅಥವಾ ನಗರ ಪಾಲಿಕೆಯ ಖಾತೆ ಆಗಿದ್ದರೆ ಅದರ ವರ್ಗಾವಣೆ ಆಯಾ ಪಂಚಾಯ್ತಿ ಅಥವಾ ಪಾಲಿಕೆಯ ಕಂದಾಯ ಕಚೇರಿಯಲ್ಲಿ. ವಂಶವೃಕ್ಷ ಅಲ್ಲೂ ಇದೇ ನಡೆಯುತ್ತದೆ, ಹಾಗಾಗಿ ಒಂದೆರಡು ದೃಢೀಕೃತ ಪ್ರತಿ ಜಾಸ್ತಿ ಇಟ್ಟುಕೊಳ್ಳಿ.

ಮ್ಯುಟೇಷನ್ ಮಂಜೂರಾಯಿತು ಅಂತ ಫೋನಿನಲ್ಲಿ ಹೇಳಿದ ಮಾತ್ರಕ್ಕೆ ಬಿಡಬೇಡಿ. landrecords.karnataka.gov.in ನಲ್ಲಿ ಹೊಸ ಪಹಣಿ ಮತ್ತು ಮ್ಯುಟೇಷನ್ ಪ್ರತಿ ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಪಹಣಿಯ 9ನೇ ಕಾಲಂನಲ್ಲಿ ಎಂಟೂ ಹೆಸರು, ಆಧಾರ್‌ನಲ್ಲಿರುವ ಕಾಗುಣಿತದಲ್ಲೇ ಬಂದಿದೆಯಾ, ಬಿನ್, ಕೋಂ ಸರಿಯಿದೆಯಾ, ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆಯೇ ಇದೆಯಾ ನೋಡಿ. 10ನೇ ಕಾಲಂನಲ್ಲಿ ಎಂಆರ್ ನಂಬರ್ ಇರಬೇಕು, ಅದು ಮ್ಯುಟೇಷನ್ ಪ್ರತಿಯ ನಂಬರಿಗೆ ಹೊಂದಬೇಕು. 11ನೇ ಕಾಲಂನಲ್ಲಿ ತಾತನ ಕಾಲದ ಸೊಸೈಟಿ ಸಾಲವೋ ಬ್ಯಾಂಕ್ ಸಾಲವೋ ಇನ್ನೂ ಕಾಣುತ್ತಿದ್ದರೆ ಅದು ತಾನಾಗಿಯೇ ಹೋಗುವುದಿಲ್ಲ. ತೀರಿದ ಸಾಲವಾದರೆ ಅಲ್ಲಿಂದ ಋಣಮುಕ್ತ ಪತ್ರ ತಂದು ತೆಗೆಸಿ. ಅಕ್ಷರ ತಪ್ಪು ಕಂಡರೆ ಆಗಲೇ ತಿದ್ದುಪಡಿಗೆ ಅರ್ಜಿ ಕೊಡಿ, ಖುಲಾಸೆಯೋ ವಿಭಾಗವೋ ನೋಂದಣಿ ಆದಮೇಲೆ ಅದೇ ತಪ್ಪು ಮುಂದಿನ ಕಾಗದಕ್ಕೂ ಹತ್ತಿಕೊಳ್ಳುತ್ತದೆ.